ಸಾರಿನ ಪುಡಿ ಪ್ಯಾಕೆಟ್ ಹಿಂದೆ ನಾಲ್ಕು ಸಾಲಿನ ಕಥೆ, ಮುಂದೆ ಒಂದು ಸಾಲಿನ ಅಡಿಬರಹ: ಸಲಹೆ ಕೊಡಿ

ಗಿರಣಿಮನೆ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು. ಮನೆಯವರೆಲ್ಲ ಸೇರಿ ಸಾರಿನ ಪುಡಿ, ಹುಳಿ ಪುಡಿ, ಅಚ್ಚ ಮೆಣಸಿನ ಪುಡಿ ಮಾಡಿ ಮಾರುತ್ತೇವೆ. ಇಷ್ಟು ದಿನ ಬರೀ ಬಿಳಿ ಸ್ಟಿಕ್ಕರ್ ಅಂಟಿಸುತ್ತಿದ್ದೆವು. ಈಗ ಬೆಂಗಳೂರಿನ ಎರಡು ಅಂಗಡಿಯವರು ಪ್ಯಾಕೆಟ್ ಸ್ವಲ್ಪ ನೀಟಾಗಿ ಮಾಡಿಕೊಡಿ, ಹಿಂದೆ ನಿಮ್ಮ ಬಗ್ಗೆ ಏನಾದರೂ ಬರೆಯಿರಿ ಎಂದಿದ್ದಾರೆ. ನಾನು ಬರೆದಿದ್ದು ಇದು:

"ತಲೆತಲಾಂತರದಿಂದ ಬಂದ ಅಜ್ಜಿಯ ಗುಟ್ಟಿನ ಪಾಕ. 1986ರಿಂದ ಪ್ರೀತಿಯಿಂದ, ಕೈಯಿಂದಲೇ ಕುಟ್ಟಿ ತಯಾರಿಸಿದ ಶುದ್ಧ ಸಾಂಪ್ರದಾಯಿಕ ಮಸಾಲೆ. ನಮ್ಮ ಮಣ್ಣಿನ ಘಮ, ಅಮ್ಮನ ಕೈರುಚಿ. ಯಾವುದೇ ರಾಸಾಯನಿಕ ಇಲ್ಲ."

ಅಡಿಬರಹ: "ಅಜ್ಜಿಯ ಕೈರುಚಿ, ನಿಮ್ಮ ಮನೆಗೆ."

ನಮ್ಮ ಯಜಮಾನರಿಗೆ ಇಷ್ಟವಾಯಿತು. ಅತ್ತೆ ಓದಿ "ಯಾವ ಅಜ್ಜಿ?" ಎಂದು ಕೇಳಿದರು. ಅಲ್ಲಿಂದ ನನಗೆ ಸಮಾಧಾನ ಇಲ್ಲ. ಯಾರಾದರೂ ಸರಿ ಮಾಡಿಕೊಡಿ.

ಶೆಟ್ರ ಅಂಗಡಿ

ಚೆನ್ನಾಗೇ ಇದೆಯಲ್ಲ ಮೇಡಂ. ಜನ ಹಿಂದೆ ತಿರುಗಿಸಿ ಓದೋದು ಎಕ್ಸ್‌ಪೈರಿ ಡೇಟ್ ಒಂದೇ. ರೇಟು, ತೂಕ ಸರಿ ಇರಲಿ ಸಾಕು.

ಲೇಬಲ್ ಮೂರ್ತಿ

ಶೆಟ್ರ ಮಾತು ಅರ್ಧ ನಿಜ. ಹಳೇ ಗಿರಾಕಿ ಓದುವುದಿಲ್ಲ. ಮೊದಲ ಸಲ ಕೈಗೆತ್ತಿಕೊಂಡವರು ಓದುತ್ತಾರೆ, ಅದೂ ಪಕ್ಕದ ಪ್ಯಾಕೆಟ್ ಜೊತೆ ಹೋಲಿಸಿ.

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನಾನು ಬಹಳ ವರ್ಷದಿಂದ ಪ್ಯಾಕೆಟ್ ಬರಹದ ಕೆಲಸ ಮಾಡುತ್ತಿದ್ದೇನೆ, ಈ ಕಥೆಯನ್ನು ನೂರಾರು ಪ್ಯಾಕೆಟ್ ಮೇಲೆ ಓದಿದ್ದೇನೆ. ನಿಮ್ಮ ಹೆಸರು ತೆಗೆದು ಪಕ್ಕದ ಕಂಪನಿ ಹೆಸರು ಹಾಕಿ ನೋಡಿ, ಒಂದಕ್ಷರವೂ ಬದಲಾಯಿಸದೆ ಅವರಿಗೂ ಸರಿಹೋಗುತ್ತದೆ. ಅಂದರೆ ನಿಮ್ಮ ಬಗ್ಗೆ ಇದರಲ್ಲಿ ಏನೂ ಇಲ್ಲ.

ಬರೆಯುವುದನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ಹೇಳಿ: 1986ರಲ್ಲಿ ಏನು ಶುರುವಾಯಿತು? ಹುರಿಯುವುದು ಯಾರು, ಹೇಗೆ? ಪುಡಿ ಮಾಡುವುದು ಎಲ್ಲಿ? ಮೆಣಸಿನಕಾಯಿ, ಧನಿಯ ಎಲ್ಲಿಂದ ಬರುತ್ತೆ? ಮನೆಗೆ ಅಂತ ಮಾಡಿಕೊಳ್ಳುವ ಪುಡಿಗೂ ಪ್ಯಾಕೆಟ್ ಪುಡಿಗೂ ಏನು ವ್ಯತ್ಯಾಸ? ಈ ಕೊನೇ ಪ್ರಶ್ನೆಗೆ "ಏನೂ ಇಲ್ಲ" ಎನ್ನಬೇಡಿ, ಇದ್ದೇ ಇರುತ್ತೆ.

ಪುಟ್ಟಸ್ವಾಮಿ ಎಲ್‌ಎಲ್‌ಬಿ

ಎಚ್ಚರಿಕೆ! ಶುದ್ಧ, ಸಾಂಪ್ರದಾಯಿಕ, ನೈಸರ್ಗಿಕ, ಅಸಲಿ, ಈ ಪದಗಳನ್ನೆಲ್ಲ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪೂರ್ತಿ ನಿಷೇಧ ಮಾಡಿದೆ. ಒಂದು ಪದ ಇದ್ದರೂ ನೋಟಿಸ್ ಗ್ಯಾರಂಟಿ.

ಲೇಬಲ್ ಮೂರ್ತಿ

ಪೂರ್ತಿ ನಿಷೇಧ ಇಲ್ಲ ಪುಟ್ಟಸ್ವಾಮಿಯವರೇ, ಷರತ್ತು ಇದೆ. ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ 2018ರಲ್ಲಿ ಬಂದ ನಿಯಮಗಳಲ್ಲಿ ಒಂದೊಂದು ಪದಕ್ಕೂ ಯಾವಾಗ ಬಳಸಬಹುದು ಎಂದಿದೆ. "ಶುದ್ಧ" ಅನ್ನುವುದು ಒಂದೇ ಪದಾರ್ಥ ಇರುವ, ಬೇರೇನೂ ಸೇರಿಸದ ಆಹಾರಕ್ಕೆ. ಇವರ ಅಚ್ಚ ಮೆಣಸಿನ ಪುಡಿಗೆ ಅದನ್ನು ಹೇಳಬಹುದು. ಸಾರಿನ ಪುಡಿಯಲ್ಲಿ ಆರೇಳು ಪದಾರ್ಥ ಇರುತ್ತೆ, ಅದಕ್ಕೆ ಹೇಳುವ ಹಾಗಿಲ್ಲ. "ಸಾಂಪ್ರದಾಯಿಕ" ಎನ್ನಬೇಕಾದರೆ ಆ ಪಾಕ ತಲೆಮಾರುಗಳಿಂದ ಹೆಚ್ಚುಕಮ್ಮಿ ಹಾಗೇ ಇದೆ ಎಂದು ತೋರಿಸುವ ಹಾಗಿರಬೇಕು. "ಮನೆಯಲ್ಲಿ ಮಾಡಿದ್ದು" ಥರದ ಮಾತು ಗಿರಾಕಿಗೆ ತಪ್ಪು ಕಲ್ಪನೆ ಕೊಡುವಂತಿದ್ದರೆ ಅದನ್ನು ಬಳಸಬಾರದು. ಇಂಥ ಪದ ಬ್ರ್ಯಾಂಡ್ ಹೆಸರಿನಲ್ಲೇ ಸೇರಿಕೊಂಡು ದಾರಿ ತಪ್ಪಿಸುವಂತಿದ್ದರೆ, ಇದು ಬರೀ ಹೆಸರು, ಪದಾರ್ಥದ ಗುಣ ಅಲ್ಲ ಎಂದು ಕನಿಷ್ಠ 3 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಹಾಕಬೇಕು. ನಿಮ್ಮ ಪ್ಯಾಕೆಟ್ ನಿಮ್ಮನ್ನೇ ಸುಳ್ಳು ಎಂದ ಹಾಗಾಗುತ್ತೆ, ಅಲ್ವಾ?

ಕಾನೂನು ಆಚೆಗಿಟ್ಟರೂ ಆ ಪದಗಳಿಂದ ಲಾಭ ಕಮ್ಮಿ. ಎಲ್ಲರೂ ಹೇಳುವ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಪುಟ್ಟಸ್ವಾಮಿ ಎಲ್‌ಎಲ್‌ಬಿ

ಸರಿ, ಷರತ್ತು. ನಾನು ಹೇಳಿದ್ದು ಅದನ್ನೇ. ಹಾಕದಿದ್ದರೆ ಸೇಫ್.

ಕಡಲಾಚೆ ಶಿರಸಿ

ನಮ್ಮದು ಶಿರಸಿ ಕಡೆ ಕಾಳುಮೆಣಸಿನ ತೋಟ, ನಾನಿರುವುದು ದುಬೈ. ಅಣ್ಣನ ಮೆಣಸನ್ನು ಇಲ್ಲಿ ಅರ್ಧ ಕೆ.ಜಿ ಡಬ್ಬದಲ್ಲಿ ಮಾರಬೇಕು ಅಂತಿದ್ದೇನೆ. ಡಬ್ಬ ಗಾಜಿನದೋ ತಗಡಿನದೋ? ಇಂಗ್ಲಿಷ್ ಜೊತೆ ಅರೇಬಿಕ್‌ನಲ್ಲೂ ಹಾಕಬೇಕಂತೆ. ಮೂರ್ತಿ ಸರ್, ಡಿಸೈನ್‌ಗೆ ಎಷ್ಟಾಗುತ್ತೆ?

ಲೇಬಲ್ ಮೂರ್ತಿ

ಸರ್, ನಿಮ್ಮದು ಬೇರೆ ವಿಷಯ. ಹೊಸ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡೋಣ.

ಗಿರಣಿಮನೆ ಸೊಸೆ

ಮೂರ್ತಿ ಸರ್, ನೀವು ಕೇಳಿದ್ದಕ್ಕೆ ಅತ್ತೆ ಮಾವನನ್ನು ಕೂರಿಸಿಕೊಂಡು ಕೇಳಿದೆ. ಉದ್ದ ಆಗುತ್ತೆ, ಕ್ಷಮಿಸಿ.

1986ರಲ್ಲಿ ಮಾವ ಶುರು ಮಾಡಿದ್ದು ಹಿಟ್ಟಿನ ಗಿರಣಿ. ರಾಗಿ, ಗೋಧಿ, ಅಕ್ಕಿ. ಮೆಣಸಿನ ಪುಡಿಗೆ ಬೇರೆ ಮಿಷನ್ ಹಾಕಿದ್ದರು. ಬೇಸಿಗೆಯಲ್ಲಿ ಹೆಂಗಸರು ವರ್ಷಕ್ಕಾಗುವಷ್ಟು ಮೆಣಸಿನಕಾಯಿ, ಧನಿಯ ಹುರಿದು ಡಬ್ಬದಲ್ಲಿ ತರುತ್ತಿದ್ದರು. ಅತ್ತೆ ಡಬ್ಬಕ್ಕೆ ಕೈ ಹಾಕಿ ಒಂದು ಕಾಳು ಬಾಯಿಗೆ ಹಾಕಿಕೊಂಡು "ಧನಿಯ ಇನ್ನೂ ಹಸಿ ಇದೆ ಕಣ್ರೀ", "ಮೆಂತ್ಯ ಸೀದಿದೆ, ಸಾರು ಕಹಿ ಆಗುತ್ತೆ" ಎಂದು ಹೇಳಿಬಿಡುತ್ತಿದ್ದರಂತೆ. ಕೆಲವರಿಗೆ ಕೋಪ ಬರುತ್ತಿತ್ತಂತೆ. ಆಮೇಲೆ ಕೆಲಸಕ್ಕೆ ಹೋಗುವ ಹೆಂಗಸರು "ನೀವೇ ಹುರಿದು ಕೊಟ್ಟುಬಿಡಿ, ದುಡ್ಡು ಕೊಡ್ತೀವಿ" ಎಂದು ಕೇಳೋಕೆ ಶುರು ಮಾಡಿದರು. 2011ರಿಂದ ಅತ್ತೆ ಪುಡಿ ಮಾಡಿ ಮಾರುತ್ತಿದ್ದಾರೆ. ಅಜ್ಜಿಗೂ ಇದಕ್ಕೂ ಸಂಬಂಧವೇ ಇಲ್ಲ.

ಹುರಿಯುವುದು ಅತ್ತೆ, ನಾನು, ಇನ್ನಿಬ್ಬರು ಹೆಂಗಸರು. ಧನಿಯ, ಜೀರಿಗೆ, ಮೆಂತ್ಯ, ಮೆಣಸು ಒಂದೊಂದೂ ಬೇರೆ. ಒಟ್ಟಿಗೆ ಹಾಕಿದರೆ ಧನಿಯ ಘಮ ಬರೋ ಹೊತ್ತಿಗೆ ಮೆಂತ್ಯ ಕಪ್ಪಾಗಿರುತ್ತೆ. ಮೆಣಸಿನಕಾಯಿ ತೊಟ್ಟು ತೆಗೆದು, ಒಂದೆರಡು ಹನಿ ಎಣ್ಣೆ ಹಾಕಿ ಗರಿಗರಿ ಆಗುವವರೆಗೆ. ಪುಡಿ ಮಾಡುವುದು ಮಿಷನ್‌ನಲ್ಲೇ, ಕುಟ್ಟುವುದಿಲ್ಲ. ಮಿಷನ್‌ನಿಂದ ಬಿಸಿಯಾಗಿ ಬರುತ್ತಲ್ಲ, ಅದನ್ನು ಬಟ್ಟೆ ಮೇಲೆ ಹರಡಿ ಆರಿಸಿ ಮಾರನೇ ದಿನ ಪ್ಯಾಕ್ ಮಾಡುತ್ತೇವೆ. ಬಿಸಿಬಿಸಿಯಾಗೇ ತುಂಬಿದರೆ ಒಳಗೆ ಬೆವತು ಗಂಟು ಕಟ್ಟುತ್ತೆ.

ಮೆಣಸಿನಕಾಯಿ ಬ್ಯಾಡಗಿಯದು. ಧನಿಯ, ಜೀರಿಗೆ ಮಂಡಿಯಲ್ಲಿ ತಗೊಳ್ಳುತ್ತೇವೆ. ಧನಿಯ ರಾಜಸ್ಥಾನದ್ದು, ಜೀರಿಗೆ ಗುಜರಾತಿನದು ಎನ್ನುತ್ತಾರೆ. ನಮ್ಮ ಮಣ್ಣಿನ ಘಮ ಎಂದು ಬರೆದಿದ್ದು ನೆನೆಸಿಕೊಂಡರೆ ನಗು ಬರುತ್ತೆ.

ವ್ಯತ್ಯಾಸ ಒಂದಿದೆ. ಮನೆಯ ಪುಡಿಗೆ ಅತ್ತೆ ಒಣಕೊಬ್ಬರಿ ಹುರಿದು ಹಾಕುತ್ತಾರೆ. ಪ್ಯಾಕೆಟ್‌ಗೆ ಹಾಕುವುದಿಲ್ಲ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ ಅಲ್ವಾ, ಅಂಗಡಿಯಲ್ಲಿ ಇದ್ದೂ ಇದ್ದೂ ಕಮಟು ವಾಸನೆ ಬಂದುಬಿಡುತ್ತೆ. ಇದನ್ನು ಬರೆಯದೇ ಇರೋದು ಒಳ್ಳೆಯದು ಅಲ್ವಾ?

ಲೇಬಲ್ ಮೂರ್ತಿ

ಬರೆಯಬೇಕಾದ್ದೇ ಅದು! ತಿಪಟೂರು ಅಂದರೆ ಕೊಬ್ಬರಿ ಹರಾಜಿನ ಊರು. ಆ ಊರಿನವರು ಪುಡಿಗೆ ಕೊಬ್ಬರಿ ಹಾಕುವುದಿಲ್ಲ ಅಂದರೆ ಯಾರಾದರೂ ಒಂದು ಕ್ಷಣ ನಿಂತು "ಯಾಕೆ?" ಅನ್ನುತ್ತಾರೆ. ಉತ್ತರ ನಿಮ್ಮ ಹತ್ತಿರ ಇದೆ, ನಿಜವೂ ಹೌದು, ಮನೆಯಲ್ಲಿ ಪುಡಿ ಮಾಡಿ ಗೊತ್ತಿರುವ ಯಾರಿಗೇ ಆದರೂ ತಕ್ಷಣ ಅರ್ಥವಾಗುತ್ತೆ. ಪಕ್ಕದ ಕಂಪನಿ ಹೆಸರು ಹಾಕಿ ನೋಡಿ ಈಗ, ಹೊಂದಲ್ಲ.

ವರ್ಷದ ವಿಷಯದಲ್ಲಿ ಜಾಣತನ ಬೇಡ. ಗಿರಣಿಗೆ 1986, ಪುಡಿಗೆ 2011. ಎರಡನ್ನೂ ಬರೆಯಿರಿ. ಬರೀ "1986ರಿಂದ" ಎಂದು ಪುಡಿ ಪ್ಯಾಕೆಟ್ ಮೇಲೆ ಹಾಕಿದರೆ ಓದುವವರು ಪುಡಿಯೇ ಆಗಿನಿಂದ ಇದೆ ಎಂದುಕೊಳ್ಳುತ್ತಾರೆ. ಒಂದು ಪದವೂ ಸುಳ್ಳಿಲ್ಲದೆ ಸುಳ್ಳು ಹೇಳೋದು ಹೀಗೇ. ಗಿರಣಿಯ ವರ್ಷಗಳೇನು ಕಮ್ಮಿಯಲ್ಲ, ಊರಿನವರ ಹುರಿದ ಡಬ್ಬ ನೋಡಿ ನೋಡಿ ಅತ್ತೆಯವರು ಕಲಿತಿದ್ದು ಅಲ್ಲೇ ಅಲ್ವಾ. ಕಥೆ ಅಲ್ಲಿದೆ.

ರಾತ್ರಿ ಒಂದು ಕರಡು ಹಾಕುತ್ತೇನೆ.

ಬ್ಯಾಡಗಿ ಪೇಟೆ

ಅಕ್ಕಾರ, ಮೆಣಸಿನಕಾಯಿ ವಿಷಯದಲ್ಲಿ ಒಂದು ಮಾತು. ನಾನು ಬ್ಯಾಡಗಿ ಮಾರುಕಟ್ಟೆಯಲ್ಲೇ ಇರುವವನು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ನಮ್ಮ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ರಾಶಿ ರಾಶಿ ಬರುತ್ತದೆ. ಅದರಲ್ಲಿ ಹೈಬ್ರಿಡ್ ಜಾಸ್ತಿ, ನೋಡಲಿಕ್ಕೆ ಬ್ಯಾಡಗಿ ಥರವೇ ಇರುತ್ತದೆ. ಎಲ್ಲದಕ್ಕೂ ಹೊರಗೆ ಬ್ಯಾಡಗಿ ಅಂತಲೇ ಹೆಸರು. ನೀವು ತರೋದು ಗಿಡ್ಡ ದಪ್ಪನೆಯ ಡಬ್ಬಿಯೋ, ಉದ್ದ ತೆಳ್ಳನೆಯ ಕಡ್ಡಿಯೋ, ಹೈಬ್ರಿಡ್ಡೋ?

ಗಿರಣಿಮನೆ ಸೊಸೆ

ಮಾವನನ್ನು ಕೇಳಿದೆ. ಸಾರಿನ ಪುಡಿಗೆ ಕಡ್ಡಿ. ಡಬ್ಬಿ ರೇಟು ಜಾಸ್ತಿ ಅಂತ ಬರೀ ಅಚ್ಚ ಮೆಣಸಿನ ಪುಡಿಗೆ ಹಾಕುತ್ತೇವೆ. ಆದರೆ ಕಡ್ಡಿ ಎಂದು ಕೊಟ್ಟಿದ್ದು ಯಾವ ಊರಲ್ಲಿ ಬೆಳೆದದ್ದು ಎಂದು ಕೇಳಿದರೆ ಮಾವನಿಗೂ ಗೊತ್ತಿಲ್ಲ. ದಲ್ಲಾಳಿ ಅಂಗಡಿಯಲ್ಲಿ ಮುರಿದು, ಬಣ್ಣ ನೋಡಿ, ವಾಸನೆ ನೋಡಿ ತರುತ್ತಾರೆ.

ಬ್ಯಾಡಗಿ ಪೇಟೆ

ಹಾಗಾದರೆ "ಬ್ಯಾಡಗಿ ಮಾರುಕಟ್ಟೆಯಲ್ಲಿ ಆರಿಸಿ ತಂದ ಕಡ್ಡಿ ಮೆಣಸಿನಕಾಯಿ" ಎನ್ನಿ. ಬ್ಯಾಡಗಿಯಲ್ಲಿ ಬೆಳೆದದ್ದು ಎನ್ನಬೇಡಿ. ಜಿಐ ಗುರುತು ಅಂತೂ ಬೇಡವೇ ಬೇಡ, ಅದಕ್ಕೆ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು. ಬಣ್ಣ ಜಾಸ್ತಿ, ಖಾರ ಕಮ್ಮಿ ಎಂದು ಬರೆಯಬಹುದು, ಅದು ಗಿರಾಕಿಗೆ ಸಾರು ಮಾಡಿದ ದಿನವೇ ಗೊತ್ತಾಗುತ್ತದೆ. ಗುಂಟೂರು ಖಾರ ತಿಂದು ರೂಢಿ ಇದ್ದವರು "ಇದೇನ್ರೀ ಸಪ್ಪೆ" ಎನ್ನೋದನ್ನು ತಪ್ಪಿಸಿದಂತೆಯೂ ಆಗುತ್ತದೆ.

ವಿದ್ಯಾ, ನ್ಯೂಜೆರ್ಸಿ

ನಾನು ಗಿರಾಕಿಯಾಗಿ ಒಂದು ಪ್ರಶ್ನೆ ಕೇಳಲಾ? ನನ್ನ ಮಗನಿಗೆ ಗೋಧಿ ಆಗುವುದಿಲ್ಲ. "ಹಿಟ್ಟಿನ ಗಿರಣಿ" ಎಂದು ಓದಿದ ತಕ್ಷಣ ನಾನು ಪ್ಯಾಕೆಟ್ ಕೆಳಗಿಡುತ್ತೇನೆ. ಬೇರೆ ಮಿಷನ್ ಎಂದಿರಿ, ಆದರೆ ಕೋಣೆಯೂ ಬೇರೆಯಾ? ಇಂಗು ಹಾಕುತ್ತೀರಾ?

ಗಿರಣಿಮನೆ ಸೊಸೆ

ಕೋಣೆ ಒಂದೇ, ನಡುವೆ ಗೋಡೆ ಅರ್ಧಕ್ಕಿದೆ. ಇಂಗು ಸಾರಿನ ಪುಡಿಗೆ ಹಾಕುತ್ತೇವೆ, ಅಂಗಡಿಯ ಡಬ್ಬಿ ಇಂಗು.

ಲೇಬಲ್ ಮೂರ್ತಿ

ವಿದ್ಯಾ ಮೇಡಂ ಕೇಳಿದ್ದು ಒಳ್ಳೆಯದಾಯಿತು. ಡಬ್ಬಿ ಇಂಗು ಅಂದರೆ ಬರೀ ಇಂಗಲ್ಲ, ಅದರ ಜೊತೆ ಗೋಂದು, ಬಹಳ ಸಲ ಗೋಧಿ ಹಿಟ್ಟೋ ಮೈದಾನೋ ಸೇರಿರುತ್ತೆ. ಡಬ್ಬಿ ಹಿಂದೆ ಓದಿ ನೋಡಿ. ಗೋಧಿ ಇದ್ದರೆ ನಿಮ್ಮ ಪದಾರ್ಥದ ಪಟ್ಟಿಯಲ್ಲೂ, ಅಲರ್ಜಿ ಸೂಚನೆಯಲ್ಲೂ ಅದು ಬರಬೇಕು. ಕೋಣೆ ಒಂದೇ ಆಗಿರುವುದರಿಂದ ಗೋಧಿ ಅಂಶ ಇರಬಹುದು ಎಂದೂ ಹಾಕಿ. ಇದು ಕಥೆಯೊಳಗೆ ಬೇಡ, ಪಟ್ಟಿಯ ಕೆಳಗೆ ಸ್ಪಷ್ಟವಾಗಿ ಇರಲಿ. ಕಥೆ ಎಷ್ಟೇ ಚೆನ್ನಾಗಿರಲಿ, ಪಟ್ಟಿ ಜೊತೆ ಜಗಳವಾಡಬಾರದು.

ವಿದ್ಯಾ, ನ್ಯೂಜೆರ್ಸಿ

ಹಾಗಾದರೆ ನಮಗಾಗಲ್ಲ. ಆದರೂ ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಇಂಗಿಲ್ಲದ್ದು, ಬೇರೆ ಕಡೆ ಪುಡಿ ಮಾಡಿದ್ದು ಯಾವತ್ತಾದರೂ ಮಾಡಿದರೆ ಹೇಳಿ.

ಲೇಬಲ್ ಮೂರ್ತಿ

ಕರಡು. ಅಂಗೈಯಷ್ಟು ಜಾಗ ಎಂದುಕೊಂಡು ಬರೆದಿದ್ದೇನೆ:

"ತಿಪಟೂರಿನಲ್ಲಿ ನಮ್ಮದು 1986ರಿಂದ ಹಿಟ್ಟಿನ ಗಿರಣಿ. ಊರಿನವರು ಹುರಿದು ತಂದ ಮೆಣಸಿನಕಾಯಿ, ಧನಿಯ ಪುಡಿ ಮಾಡಿಕೊಡುತ್ತಿದ್ದೆವು. ಹುರಿಯಲು ಪುರುಸೊತ್ತಿಲ್ಲ ಎಂದವರಿಗಾಗಿ 2011ರಲ್ಲಿ ಅಮ್ಮ ತಾವೇ ಹುರಿಯಲು ಶುರು ಮಾಡಿದರು. ಈಗಲೂ ಒಂದೊಂದನ್ನೂ ಬೇರೆಯಾಗಿ ಹುರಿದು, ಮಿಷನ್‌ನಲ್ಲಿ ಪುಡಿ ಮಾಡಿ, ಆರಿಸಿ ತುಂಬುತ್ತೇವೆ. ಕೊಬ್ಬರಿ ಹಾಕುವುದಿಲ್ಲ, ಪುಡಿಯಲ್ಲಿ ಬಹಳ ದಿನ ಇದ್ದರೆ ಕಮಟು ಬರುತ್ತದೆ. ಸಾರು ಕುದಿಯುವಾಗ ನೀವೇ ಹಾಕಿಕೊಳ್ಳಿ."

ಅಡಿಬರಹ: "ಕೊಬ್ಬರಿ ನೀವು ಹಾಕಿ, ಉಳಿದದ್ದು ನಮಗೆ ಬಿಡಿ."

ಪ್ರೀತಿ, ಗುಟ್ಟು, ಘಮ, ಅಜ್ಜಿ ಎಲ್ಲ ಹೋಯಿತು. "ರಾಸಾಯನಿಕ ಇಲ್ಲ" ಎನ್ನುವುದನ್ನೂ ತೆಗೆದೆ. ಚೆನ್ನಾಗಿ ಹುರಿದು ಒಣಗಿದ ಪುಡಿಗೆ ಸಂರಕ್ಷಕ ಹಾಕುವ ಅಗತ್ಯವೇ ಇರುವುದಿಲ್ಲ, ಇಲ್ಲದ್ದನ್ನು ಇಲ್ಲ ಎಂದು ಹೇಳಿಕೊಳ್ಳುವುದರಲ್ಲಿ ದೊಡ್ಡಸ್ತಿಕೆ ಏನಿದೆ. "ಮಿಷನ್‌ನಲ್ಲಿ" ಎನ್ನುವುದನ್ನು ಬೇಕೆಂದೇ ಇಟ್ಟಿದ್ದೇನೆ, ತೆಗೆಯಬೇಡಿ. ಅದು ಇದ್ದರೆ ಉಳಿದ ಮಾತನ್ನೂ ಜನ ನಂಬುತ್ತಾರೆ.

ಶೆಟ್ರ ಅಂಗಡಿ

ಅಡಿಬರಹ ಚೆನ್ನಾಗಿದೆ ಮೂರ್ತಿಗಳೇ, ಆದರೆ ಒಂದು ತಕರಾರು. ಅಂಗಡಿಗೆ ಬಂದವರು "ಕೊಬ್ಬರಿ ನೀವು ಹಾಕಿ" ಎಂದು ಓದಿದರೆ "ಓ, ಇದರಲ್ಲಿ ಏನೋ ಕಮ್ಮಿ ಇದೆ" ಎಂದು ಪಕ್ಕದ್ದು ತಗೊಳ್ಳಲ್ವಾ? ನಮ್ಮ ಕಡೆ ಎಷ್ಟೋ ಮನೆಯಲ್ಲಿ ಸಾರಿಗೆ ಕೊಬ್ಬರಿ ಹಾಕೋದೇ ಇಲ್ಲ. ಅವರಿಗೆ ಇದು ಅಪ್ಪಣೆ ಮಾಡಿದ ಹಾಗೆ ಕೇಳುತ್ತೆ.

ಅದರ ಬದಲು "ಹುರಿದ ದಿನ ಪ್ಯಾಕೆಟ್ ಮೇಲಿದೆ" ಎಂದು ಹಾಕಿ, ದಿನಾಂಕ ಸೀಲ್ ಹೊಡೆಯಿರಿ. ನಾನಾದರೆ ಅದನ್ನು ತೋರಿಸಿಯೇ ಮಾರುತ್ತೇನೆ.

ಗಿರಣಿಮನೆ ಸೊಸೆ

ಶೆಟ್ರೇ, ಇದು ನನಗೂ ಇಷ್ಟವಾಯಿತು. ದಿನಾಂಕ ಹೇಗೂ ನೋಟ್ ಮಾಡಿಕೊಳ್ಳುತ್ತೇವೆ.

ಲೇಬಲ್ ಮೂರ್ತಿ

ಮಾತು ಒಳ್ಳೆಯದು. ಆದರೆ ಒಂದು ಸಲ ಹಾಕಿದರೆ ಪ್ರತಿ ಪ್ಯಾಕೆಟ್ ಮೇಲೆ, ಯುಗಾದಿ ಗಡಿಬಿಡಿಯಲ್ಲೂ, ಅತ್ತೆಗೆ ಹುಷಾರಿಲ್ಲದಾಗಲೂ ಆ ಸೀಲ್ ಇರಲೇಬೇಕು. ಒಂದು ಪ್ಯಾಕೆಟ್ ಮೇಲೆ ಇಲ್ಲದಿದ್ದರೂ ಅಡಿಬರಹ ಸುಳ್ಳಾಯಿತು. ತಯಾರಿಸಿದ ದಿನಾಂಕ ಕಾನೂನಿನ ಪ್ರಕಾರ ಹೇಗೂ ಬೇಕು, ಹುರಿದ ದಿನ ಅದರ ಪಕ್ಕ ಇನ್ನೊಂದಾದರೆ ಯಾವುದು ಯಾವುದು ಎಂದು ಸ್ಪಷ್ಟವಾಗಿ ಬರೆಯಬೇಕು, ಇಲ್ಲವಾದರೆ ಗೊಂದಲ.

ಇನ್ನೊಂದು, ಶೆಟ್ರೇ ನೀವೇ ಹೇಳಿ. ಹುರಿದು ಮೂರು ತಿಂಗಳಾದ ಪ್ಯಾಕೆಟ್ ನಿಮ್ಮ ಶೆಲ್ಫಿನಲ್ಲಿದ್ದರೆ, ಅವಧಿ ಇನ್ನೂ ಇದ್ದರೂ, ಗಿರಾಕಿ ಮುಟ್ಟುತ್ತಾರಾ?

ಶೆಟ್ರ ಅಂಗಡಿ

ಮುಟ್ಟಲ್ಲ. ವಾಪಸ್ ಕಳಿಸುತ್ತೇನೆ.

ಲೇಬಲ್ ಮೂರ್ತಿ

ಅಷ್ಟೇ. ವಾಪಸ್ ಬಂದದ್ದನ್ನು ಯಾರು ಹೊರುತ್ತಾರೆ ಎಂದು ಮೊದಲು ಲೆಕ್ಕ ಹಾಕಿ. ಸಣ್ಣ ಸಣ್ಣದಾಗಿ ಹುರಿದು ವಾರವಾರ ಕಳಿಸುವ ಶಕ್ತಿ ಇದ್ದರೆ ಶೆಟ್ರ ಅಡಿಬರಹ ನನ್ನದಕ್ಕಿಂತ ಗಟ್ಟಿ. ಇಲ್ಲದಿದ್ದರೆ ಬೇಡ.

ಬ್ಯಾಡಗಿ ಪೇಟೆ

ನನಗೆ ಕೊಬ್ಬರಿಯದೇ ಇಷ್ಟ. ಬಾಯಿಗೆ ಹತ್ತುತ್ತದೆ. ಆದರೆ ಅಚ್ಚ ಮೆಣಸಿನ ಪುಡಿ ಪ್ಯಾಕೆಟ್ ಮೇಲೆ ಅದನ್ನು ಹಾಕಿದರೆ ಅರ್ಥವೇ ಇಲ್ಲವಲ್ಲ?

ಲೇಬಲ್ ಮೂರ್ತಿ

ಹೌದು, ಅದನ್ನು ನಾನು ಯೋಚಿಸಿರಲಿಲ್ಲ. ಅಡಿಬರಹ ಇಡೀ ಮನೆಗೆ ಸೇರಿದ್ದಾದರೆ ಎಲ್ಲ ಪುಡಿಗೂ ಹೊಂದಬೇಕು. "ಹುರಿಯುವ ಕೆಲಸ ನಮ್ಮದು" ಎಂದರೆ ಸಾರು, ಹುಳಿ, ಮೆಣಸಿನ ಪುಡಿ ಮೂರಕ್ಕೂ ಆಗುತ್ತೆ, ಮೇಡಂ, ಅಚ್ಚ ಮೆಣಸಿನ ಪುಡಿಗೂ ಹುರಿಯುತ್ತೀರಾ?

ಗಿರಣಿಮನೆ ಸೊಸೆ

ಇಲ್ಲ ಸರ್, ಅದಕ್ಕೆ ಬಿಸಿಲಿನಲ್ಲಿ ಒಣಗಿಸಿ ಹಾಗೇ ಪುಡಿ ಮಾಡುತ್ತೇವೆ. ಹುರಿದರೆ ಬಣ್ಣ ಹೋಗುತ್ತೆ.

ಪುಟ್ಟಸ್ವಾಮಿ ಎಲ್‌ಎಲ್‌ಬಿ

ಹಾಗಾದರೆ ಅದೂ ಸುಳ್ಳು. ನೋಟಿಸ್ 😀

ತಮಾಷೆ ಬಿಡಿ. ಟ್ರೇಡ್‌ಮಾರ್ಕ್ ಮಾಡಿಸುವುದಾದರೆ ಮಸಾಲೆ 30ನೇ ವರ್ಗಕ್ಕೆ ಬರುತ್ತೆ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ. "ಹುರಿಯುವ ಕೆಲಸ ನಮ್ಮದು" ಥರ ಬರೀ ಕೆಲಸವನ್ನು ಹೇಳುವ ಸಾಲಿಗೆ ನೋಂದಣಿ ಸಿಗೋದು ಕಷ್ಟ, ವರ್ಣನೆ ಎಂದು ಆಕ್ಷೇಪ ಬರುತ್ತೆ. ಮೊದಲು ಹೆಸರಿಗೆ ಮಾಡಿಸಿ.

ಲೇಬಲ್ ಮೂರ್ತಿ

ಈ ಸಲ ಪುಟ್ಟಸ್ವಾಮಿಯವರು ಪೂರ್ತಿ ಸರಿ.

ನನ್ನ ಸಲಹೆ: ಒಂದೇ ಅಡಿಬರಹ ಎಲ್ಲದಕ್ಕೂ ಬೇಕು ಎಂದು ಯಾರೂ ಹೇಳಿಲ್ಲ. ಸಾರಿನ ಪುಡಿ, ಹುಳಿ ಪುಡಿ ಮೇಲೆ ಕೊಬ್ಬರಿಯ ಸಾಲು. ಮೆಣಸಿನ ಪುಡಿ ಮೇಲೆ "ಬಣ್ಣ ಜಾಸ್ತಿ, ಖಾರ ಕಮ್ಮಿ" ಸಾಕು. ಅದರ ಹಿಂದಿನ ಕಥೆಯಲ್ಲೂ ಹುರಿಯುವ, ಕೊಬ್ಬರಿಯ ವಾಕ್ಯ ತೆಗೆದು ಬ್ಯಾಡಗಿ ಮಾರುಕಟ್ಟೆಯ ವಾಕ್ಯ ಹಾಕಿ, ಕಡ್ಡಿ ಬದಲು ಡಬ್ಬಿ ಎಂದು ಬರೆಯಿರಿ.

ಶೆಟ್ರ ತಕರಾರು ನಿಜವೋ ಅಲ್ಲವೋ ನನಗಂತೂ ಇಲ್ಲಿ ಕೂತು ಹೇಳಲಾಗದು. ಅದಕ್ಕೇ ಈಗಲೇ ಮುದ್ರಿತ ಪೌಚ್‌ಗೆ ಹೋಗಬೇಡಿ. ಅದಕ್ಕೆ ಬಣ್ಣಕ್ಕೊಂದು ಅಚ್ಚಿನ ಸಿಲಿಂಡರ್ ಮಾಡಿಸಬೇಕು, ದೊಡ್ಡ ಆರ್ಡರ್ ಕೊಡಬೇಕು, ಒಂದು ಅಕ್ಷರ ಬದಲಾದರೂ ದುಡ್ಡು ದಂಡ. ಸಾದಾ ಪೌಚ್ ತಗೊಂಡು ಎರಡು ಥರ ಸ್ಟಿಕ್ಕರ್ ಮಾಡಿಸಿ. ಒಂದು ಅಂಗಡಿಗೆ ಕೊಬ್ಬರಿ ಸಾಲಿನದು, ಇನ್ನೊಂದಕ್ಕೆ ಅಡಿಬರಹವೇ ಇಲ್ಲದ್ದು, ಆಮೇಲೆ ಎರಡನ್ನೂ ಅದಲುಬದಲು ಮಾಡಿ. ಎಷ್ಟು ಹೋಯಿತು ಎನ್ನುವುದರ ಜೊತೆಗೆ ಗಿರಾಕಿಗಳು ಏನು ಕೇಳಿದರು ಅಂತ ಅಂಗಡಿಯವರ ಹತ್ತಿರ ಕೇಳಿ. "ಕೊಬ್ಬರಿ ಯಾಕಿಲ್ಲ?" ಎಂದು ಕೇಳಿದರೆ ಒಳ್ಳೆಯದು, ಹಿಂದೆ ಉತ್ತರ ಇದೆ. ಏನೂ ಕೇಳದೆ ಇಟ್ಟು ಹೋದರೆ ಶೆಟ್ರು ಗೆದ್ದರು.

ಗಿರಣಿಮನೆ ಸೊಸೆ

ಹಾಗೇ ಮಾಡುತ್ತೇವೆ ಸರ್. ವಾರವಾರ ಬೆಂಗಳೂರಿಗೆ ಕಳಿಸುವುದು ಸದ್ಯಕ್ಕೆ ಆಗಲ್ಲ, ಹಾಗಾಗಿ ಹುರಿದ ದಿನದ್ದು ಬಿಟ್ಟೆವು. ಇಂಗಿನ ಡಬ್ಬಿ ನೋಡಿದೆ, ಗೋಧಿ ಹಿಟ್ಟು ಎಂದೇ ಇದೆ. ಪಟ್ಟಿಗೆ ಸೇರಿಸುತ್ತೇನೆ.

ಮನೆಯಲ್ಲಿ ಕರಡು ಓದಿದೆ. ಮಾವನಿಗೆ ಗಿರಣಿಯ ಹೆಸರು ಮೊದಲ ಸಾಲಿನಲ್ಲೇ ಬಂದಿದ್ದು ಖುಷಿ. ಯಜಮಾನರಿಗೆ "ಮಿಷನ್" ಎನ್ನುವ ಪದ ಬೇಡವಂತೆ, ಅದರ ಬಗ್ಗೆ ಇನ್ನೂ ಜಗಳ ನಡೆಯುತ್ತಿದೆ. ಅತ್ತೆ ಮಾತ್ರ "ಅಮ್ಮ ತಾವೇ ಹುರಿಯಲು ಶುರು ಮಾಡಿದರು" ಅನ್ನೋ ಕಡೆ ನಿಲ್ಲಿಸಿ, "ಯಾರ ಅಮ್ಮ? ಹೆಸರು ಹಾಕಬಾರದಾ?" ಎಂದರು. ಹಾಕಬಹುದಾ ಮೂರ್ತಿ ಸರ್?

ಲೇಬಲ್ ಮೂರ್ತಿ

ಹಾಕಲೇಬೇಕು. ಹೆಸರು ಹಾಕಿದರೆ ಪದ ಜಾಸ್ತಿಯೂ ಆಗಲ್ಲ. ಆದರೆ ಅವರು ಹುರಿಯುವುದನ್ನು ಬಿಟ್ಟ ದಿನ ವಾಕ್ಯ ಬದಲಾಯಿಸಬೇಕು, ಅದನ್ನೂ ಅವರಿಗೆ ಈಗಲೇ ಹೇಳಿಡಿ.

ಕಡಲಾಚೆ ಶಿರಸಿ

ಹೊಸ ಚರ್ಚೆ ಶುರು ಮಾಡಿದ್ದೇನೆ ಸರ್. ಡಬ್ಬ ಗಾಜಿನದೋ ತಗಡಿನದೋ?